ನೆನಪು ಸರಿಯಿದ್ದವರಿಗೂ ಡಿಮೆನ್ಶಿಯಾ ಬರುವುದು ಹೇಗೆ?

ಪ್ರಶ್ನೆ: ನನ್ನ ಯಜಮಾನರಿಗೆ 56 ವರ್ಷ. ಎರಡು ವರ್ಷಗಳಿಂದ ಅವರ ಸ್ವಭಾವವೇ ಬದಲಾಗಿಬಿಟ್ಟಿದೆ. ನನ್ನ ತಾಯಿ ತೀರಿಕೊಂಡ ದಿನ ಮನೆಮಂದಿಯೆಲ್ಲ ಅಳುತ್ತಿರುವಾಗ ಇವರು ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಮೊದಲು ಸಿಹಿ ಮುಟ್ಟದವರು ಈಗ ದಿನಾ ಬೇಕರಿಗೆ ಹೋಗಿ ಅದೇ ಒಂದು ತಿಂಡಿ ತಂದು ತಿನ್ನುತ್ತಾರೆ. ಆದರೆ ಯಾರಿಗೆ ಯಾವ ತಿಂಗಳು ಎಷ್ಟು ಹಣ ಕೊಟ್ಟೆವು ಎಂಬುದು ನನಗಿಂತ ಅವರಿಗೇ ಚೆನ್ನಾಗಿ ನೆನಪಿದೆ. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 28 ಅಂಕ ಬಂದಿದೆ. ಆದರೂ ವೈದ್ಯರು ಇದು ಒಂದು ಬಗೆಯ ಡಿಮೆನ್ಶಿಯಾ ಇರಬಹುದು ಎನ್ನುತ್ತಾರೆ. ಇದು ಹೇಗೆ ಸಾಧ್ಯ?

ಉತ್ತರ: ಡಿಮೆನ್ಶಿಯಾವನ್ನು ಕನ್ನಡದಲ್ಲಿ ಮರೆಗುಳಿತನ, ಅರಳುಮರಳು ಎಂದೇ ಕರೆಯುತ್ತ ಬಂದಿರುವುದರಿಂದ ನಿಮ್ಮ ಗೊಂದಲ ಸಹಜವಾದುದು. ಮಿದುಳಿನ ಯಾವುದೋ ಒಂದು ಸಾಮರ್ಥ್ಯ ಕ್ರಮೇಣ ಕುಂದುತ್ತ ಹೋಗಿ, ದಿನನಿತ್ಯದ ಬದುಕನ್ನು ಸ್ವತಂತ್ರವಾಗಿ ನಡೆಸಲಾಗದ ಸ್ಥಿತಿಗೆ ಬಂದರೆ ಅದನ್ನು ಡಿಮೆನ್ಶಿಯಾ ಎನ್ನುತ್ತಾರೆ. ಮೊದಲು ಕುಂದುವುದು ನೆನಪೇ ಆಗಿರಬೇಕೆಂದಿಲ್ಲ. ಯಾವುದು ಮೊದಲು ಹೋಗುತ್ತದೆ ಎಂಬುದು ಕಾಯಿಲೆ ಮಿದುಳಿನ ಯಾವ ಮೂಲೆಯಲ್ಲಿ ಶುರುವಾಯಿತು ಎಂಬುದನ್ನು ಅವಲಂಬಿಸಿದೆ.

ನಾವು ಹೆಚ್ಚಾಗಿ ಕಾಣುವ ಆಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಪದರದಲ್ಲಿ ಬೇರೂರುತ್ತದೆ. ಇವತ್ತು ನಡೆದದ್ದನ್ನು ನಾಳೆಗೆ ಉಳಿಸಿಕೊಡುವ ಕೆಲಸ ಈ ಭಾಗದ್ದು. ಹಾಗಾಗಿ ಅಲ್ಲಿ ಬೆಳಿಗ್ಗೆ ತಿಂದ ತಿಂಡಿ, ಈಗಷ್ಟೇ ಕೇಳಿದ ಪ್ರಶ್ನೆ ಮೊದಲು ಅಳಿಸಿಹೋಗುತ್ತವೆ. ನಿಮ್ಮ ವೈದ್ಯರು ಶಂಕಿಸುತ್ತಿರುವ ಫ್ರಂಟೊಟೆಂಪೊರಲ್ ಡಿಮೆನ್ಶಿಯಾದಲ್ಲಿ ಹಾನಿ ಆರಂಭವಾಗುವುದು ಹಣೆಯ ಹಿಂದಿನ ಫ್ರಂಟಲ್ ಹಾಲೆಯಲ್ಲಿ ಅಥವಾ ಕಿವಿಯ ಬದಿಯ ಟೆಂಪೊರಲ್ ಹಾಲೆಯ ಮುಂತುದಿಯಲ್ಲಿ. ಪ್ರಾಗ್ ನಗರದ ವೈದ್ಯ ಆರ್ನಾಲ್ಡ್ ಪಿಕ್ 1892ರಲ್ಲೇ ಇಂಥ ರೋಗಿಯೊಬ್ಬರನ್ನು ವರ್ಣಿಸಿದ್ದರು. ಈ ಕಾಯಿಲೆ ಹೆಚ್ಚಾಗಿ 45ರಿಂದ 65 ವರ್ಷದೊಳಗೆ, ಅಂದರೆ ಡಿಮೆನ್ಶಿಯಾದ ಯೋಚನೆಯೇ ಯಾರಿಗೂ ಬಾರದ ವಯಸ್ಸಿನಲ್ಲಿ ತಲೆದೋರುತ್ತದೆ.

ನೀವು ಬರೆದಿರುವುದು ಇದರ ವರ್ತನೆಯ ರೂಪಕ್ಕೆ ಹೊಂದುತ್ತದೆ. ಎರಡು ಹಾಲೆಗಳ ನಡುವಿನ ಬಿರುಕಿನೊಳಗೆ ಮಡಚಿಕೊಂಡಿರುವ ಇನ್ಸುಲಾ ಮತ್ತು ಮಿದುಳಿನ ಎರಡು ಅರ್ಧಗಳು ಎದುರುಬದುರಾಗುವ ಒಳಗೋಡೆಯಲ್ಲಿರುವ ಮುಂಭಾಗದ ಸಿಂಗ್ಯುಲೇಟ್ ಎಂಬ ಎರಡು ತಾಣಗಳು ಒಟ್ಟಾಗಿ ದುಡಿಯುತ್ತವೆ. ಹೊಟ್ಟೆ ತುಂಬಿತು, ಎದೆ ಡವಗುಟ್ಟಿತು, ಎದುರಿಗಿರುವವರ ಮುಖ ಸಪ್ಪಗಾಯಿತು ಎಂಬಂಥ ಸೂಚನೆಗಳನ್ನು ಗ್ರಹಿಸಿ, ಈ ಹೊತ್ತಿಗೆ ಯಾವುದು ಮುಖ್ಯ ಎಂದು ತೂಗುವುದು ಅವುಗಳ ಕೆಲಸ. ವಾನ್ ಎಕೊನೊಮೊ ನರಕೋಶಗಳೆಂಬ ದೊಡ್ಡ ಕದಿರಿನಾಕಾರದ ಕೋಶಗಳು ಮುಖ್ಯವಾಗಿ ಈ ಎರಡು ತಾಣಗಳಲ್ಲೇ ಇವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಕಾಯಿಲೆಯಿಂದ ತೀರಿಕೊಂಡವರ ಸಿಂಗ್ಯುಲೇಟ್ ಭಾಗದಲ್ಲಿ ಇಂಥ ಕೋಶಗಳ ಸುಮಾರು ಮುಕ್ಕಾಲು ಪಾಲು ನಶಿಸಿದ್ದವು. ಆಲ್ಜೈಮರ್‌ನಿಂದ ತೀರಿಕೊಂಡವರಲ್ಲಿ ಅವು ಬಹುಮಟ್ಟಿಗೆ ಹಾಗೆಯೇ ಉಳಿದಿದ್ದವು. ಟೌ ಅಥವಾ ಟಿಡಿಪಿ-43 ಎಂಬ ಪ್ರೋಟೀನು ಆಕಾರಗೆಟ್ಟು ಇಂಥ ಕೋಶಗಳಲ್ಲಿ ಗಂಟುಕಟ್ಟಿಕೊಂಡು, ಅಲ್ಲಿಂದ ಅವು ಕೂಡಿಕೊಂಡಿರುವ ಜಾಲದುದ್ದಕ್ಕೂ ಹರಡುತ್ತದೆ ಎಂಬುದು ಈಗಿನ ತಿಳಿವಳಿಕೆ. ಹಿಪೊಕ್ಯಾಂಪಸ್ ಬೇರೊಂದು ಜಾಲಕ್ಕೆ ಸೇರಿದ್ದರಿಂದ ಮೊದಮೊದಲು ಅದಕ್ಕೆ ಅಷ್ಟಾಗಿ ಪೆಟ್ಟು ಬೀಳುವುದಿಲ್ಲ.

ಈಗ ನಿಮ್ಮ ತಾಯಿಯವರು ತೀರಿಕೊಂಡ ದಿನವನ್ನೇ ತೆಗೆದುಕೊಳ್ಳಿ. ಸತ್ತವರು ತಮ್ಮ ಅತ್ತೆ ಎಂಬುದು ನಿಮ್ಮ ಯಜಮಾನರಿಗೆ ತಿಳಿದಿತ್ತು, ಅದನ್ನು ಅವರು ಇವತ್ತಿಗೂ ಮರೆತಿರಲಾರರು. ಆದರೆ ಸುತ್ತಲಿನವರ ಅಳು ಅವರೊಳಗೆ ಏನನ್ನೂ ಕದಲಿಸಲಿಲ್ಲ, ಹಸಿವು ಮಾತ್ರ ಎದ್ದು ಕಂಡಿತು, ಕಂಡದ್ದನ್ನು ಬಾಯಿಗೆ ಬಾರದಂತೆ ತಡೆಯುವ ಶಕ್ತಿಯೂ ಉಳಿದಿರಲಿಲ್ಲ. ಸಿಹಿಯ ಹಂಬಲ, ದಿನವೂ ಅದೇ ಅಂಗಡಿ, ಅದೇ ತಿಂಡಿ ಇವೆಲ್ಲ ಅದೇ ಹಾನಿಯ ಮುಖಗಳು. ಅವರು ನಿಮ್ಮನ್ನು ನೋಯಿಸಬೇಕೆಂದು ಹಾಗೆ ಮಾಡಿದ್ದಲ್ಲ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಮನೆಗಳಲ್ಲಿ ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ ಸಂಬಂಧಗಳು ಮುರಿದುಬಿದ್ದಿರುವುದನ್ನು ಕಂಡಿದ್ದೇನೆ.

30 ಅಂಕಗಳ ಆ ಪರೀಕ್ಷೆ ಸುಳ್ಳಲ್ಲ. ಅದು ತಾರೀಖು, ಸ್ಥಳ, ಮೂರು ಪದಗಳ ನೆನಪು, ಲೆಕ್ಕ, ಚಿತ್ರ ಬರೆಯುವುದು ಇವನ್ನು ಅಳೆಯುತ್ತದೆ. ಸಾವಿನ ಮನೆಯಲ್ಲಿ ಹೇಗಿರಬೇಕೆಂಬುದನ್ನು ಅಳೆಯುವ ಪ್ರಶ್ನೆ ಅದರಲ್ಲಿಲ್ಲ. ಅದಕ್ಕಾಗಿಯೇ ಅನುಭವವುಳ್ಳ ವೈದ್ಯರು ರೋಗಿಗಿಂತ ಹೆಚ್ಚು ಹೊತ್ತು ಮನೆಯವರನ್ನು, ಅದೂ ಬೇರೆ ಕೋಣೆಯಲ್ಲಿ ಕೂರಿಸಿಕೊಂಡು ಮಾತನಾಡಿಸುತ್ತಾರೆ. ರೋಗಿಯನ್ನು ಕೇಳಿದರೆ ತನಗೇನೂ ಆಗಿಲ್ಲ ಎಂದೇ ಹೇಳುತ್ತಾರೆ.

ಇದೇ ಕಾಯಿಲೆ ಮಾತಿನಿಂದ ಶುರುವಾಗುವುದೂ ಉಂಟು. ಹಾನಿ ಎಡ ಫ್ರಂಟಲ್ ಹಾಲೆಯ ಕೆಳಭಾಗದಲ್ಲಿದ್ದರೆ ಮಾತು ತಡವರಿಸಿ, ವಿಭಕ್ತಿ ಪ್ರತ್ಯಯಗಳು ಕಳಚಿ, ವಾಕ್ಯ ತುಂಡುತುಂಡಾಗುತ್ತದೆ. ಹೇಳಬೇಕಾದದ್ದು ಮಾತ್ರ ಅವರಿಗೆ ಸ್ಪಷ್ಟವಾಗಿಯೇ ಗೊತ್ತಿರುತ್ತದೆ. ಟೆಂಪೊರಲ್ ಹಾಲೆಯ ಮುಂತುದಿ, ಅದರಲ್ಲೂ ಎಡಗಡೆಯದು ಸೊರಗಿದರೆ ನಡೆಯುವುದು ಇದಕ್ಕಿಂತ ವಿಚಿತ್ರ. ಮಾತು ಸರಾಗವಾಗಿಯೇ ಇರುತ್ತದೆ, ಪದಗಳ ಅರ್ಥ ಕಳಚಿಹೋಗುತ್ತದೆ. ಇಂಥ ಒಬ್ಬ ಗೃಹಿಣಿ, ಕೊತ್ತಂಬರಿ ಸೊಪ್ಪು ತರಬೇಕೆಂದು ಮಗಳು ಹೇಳಿದಾಗ, "ಕೊತ್ತಂಬರಿ ಅಂದ್ರೇನು?" ಎಂದು ನಿಜವಾಗಿಯೇ ಕೇಳಿದರು. ಅದೇ ಹೆಂಗಸು ಹಿಂದಿನ ವಾರ ಆಸ್ಪತ್ರೆಗೆ ಬರಲು ಎಲ್ಲಿ ಬಸ್ಸು ಬದಲಿಸಿದೆವು, ಎಷ್ಟು ಹೊತ್ತು ಕಾದೆವು ಎಂಬುದನ್ನು ತಪ್ಪಿಲ್ಲದೆ ಹೇಳಿದರು. ನಡೆದ ಘಟನೆಯ ನೆನಪು ಬೇರೆ, ಪದದ ಮತ್ತು ವಸ್ತುವಿನ ಅರಿವು ಬೇರೆ ಎಂಬುದು ಅವರ ಈ ಎರಡು ಉತ್ತರಗಳಲ್ಲೇ ಕಾಣುತ್ತದೆ.

ಕನ್ನಡದಲ್ಲಿ ಈ ರೂಪ ಇನ್ನಷ್ಟು ಮರೆಯಾಗುತ್ತದೆ. ಇಂಗ್ಲಿಷ್‌ನಲ್ಲಿ ಕಾಗುಣಿತಕ್ಕೂ ಉಚ್ಚಾರಣೆಗೂ ಹೊಂದಿಕೆಯಿಲ್ಲದ ಪದಗಳನ್ನು ಓದಿಸಿದರೆ ಇಂಥವರು ಅಕ್ಷರ ಇದ್ದ ಹಾಗೆಯೇ ಓದಿ ಸಿಕ್ಕಿಬೀಳುತ್ತಾರೆ. ನಮ್ಮ ಲಿಪಿ ಹೆಚ್ಚುಕಡಿಮೆ ಬರೆದಂತೆಯೇ ಓದುವಂಥದ್ದು. "ಒನಕೆ" ಎಂಬುದರ ಅರ್ಥ ಪೂರ್ತಿ ಅಳಿಸಿಹೋದವರೂ ಅದನ್ನು ಸ್ಫುಟವಾಗಿ ಓದಬಲ್ಲರು. ಹಾಗಾಗಿ ಪತ್ರಿಕೆ ಓದುತ್ತಾರಲ್ಲ ಎಂದು ಸಮಾಧಾನ ಪಡದೆ, ಚಿತ್ರ ತೋರಿಸಿ ಹೆಸರು ಕೇಳಬೇಕು, ಹೆಸರು ಹೇಳಿ ಅದು ಯಾವುದಕ್ಕೆ ಬಳಸುವ ವಸ್ತು ಎಂದು ಕೇಳಬೇಕು.

ನೆನಪು ಉಳಿದಿರುತ್ತದೆ ಎಂಬ ಮಾತಿಗೂ ಒಂದು ಮಿತಿ ಇದೆ. ನೆನಪನ್ನು ಹುಡುಕಿ ತೆಗೆಯುವ ಕೆಲಸದಲ್ಲಿ ಫ್ರಂಟಲ್ ಹಾಲೆಯ ಪಾಲಿರುವುದರಿಂದ ಕೆಲವರು ಮೊದಲೇ ಪದಪಟ್ಟಿ ನೆನಪಿಸಿಕೊಳ್ಳಲು ಎಡವುತ್ತಾರೆ, ಆದರೆ "ಅದೊಂದು ಹಣ್ಣಿನ ಹೆಸರು" ಎಂಬಂಥ ಸುಳಿವು ಕೊಟ್ಟರೆ ಹೇಳಿಬಿಡುತ್ತಾರೆ. ಆಲ್ಜೈಮರ್ ಇರುವವರಿಗೆ ಸುಳಿವಿನಿಂದ ಅಷ್ಟು ಪ್ರಯೋಜನವಾಗುವುದಿಲ್ಲ, ಅಲ್ಲಿ ಪದ ದಾಖಲಾಗಿಯೇ ಇರುವುದಿಲ್ಲ. ಈ ಕಾಯಿಲೆಯ ಕೆಲವರಲ್ಲಿ ಆರಂಭದಿಂದಲೇ ನಿಜವಾದ ಮರೆವೂ ಇರುತ್ತದೆ, ವರ್ಷಗಳು ಕಳೆದಂತೆ ಬಹುತೇಕ ಎಲ್ಲರಲ್ಲೂ ಬರುತ್ತದೆ.

ನಿಮ್ಮ ಯಜಮಾನರಲ್ಲಿ ಇದು ಖಚಿತವಾಗುವ ಮೊದಲು ಖಿನ್ನತೆ, ಬೈಪೋಲಾರ್ ಕಾಯಿಲೆ, ಥೈರಾಯ್ಡ್ ಮತ್ತು ಬಿ12 ಕೊರತೆ ಇಲ್ಲವೆಂದು ನೋಡಬೇಕು. ಮೊದಲ ಎಂಆರ್‌ಐ ಸರಿಯಿದೆ ಎಂದು ಬಂದರೂ ಕಾಯಿಲೆ ಇಲ್ಲವೆಂದು ತೀರ್ಮಾನಿಸಲಾಗದು. ಆರು ತಿಂಗಳು, ವರ್ಷದ ನಂತರ ಮತ್ತೆ ನೋಡಬೇಕಾಗುತ್ತದೆ, ಬೇಕಿದ್ದರೆ ಪೆಟ್ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ, ಯಾರಿಗಾದರೂ ಕೈಕಾಲಿನ ಸ್ನಾಯುಗಳು ಸೊರಗುವ ಮೋಟಾರ್ ನ್ಯೂರಾನ್ ಕಾಯಿಲೆ ಇತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ, ಒಂದೇ ಜೀನಿನ ದೋಷದಿಂದ ಎರಡೂ ಬರಬಹುದು. ಆಲ್ಜೈಮರ್‌ಗೆ ಕೊಡುವ ಡೊನೆಪೆಜಿಲ್ ಮಾತ್ರೆಯಿಂದ ಇಲ್ಲಿ ಪ್ರಯೋಜನ ಕಂಡುಬಂದಿಲ್ಲ, ಕೆಲವರಲ್ಲಿ ವರ್ತನೆ ಇನ್ನಷ್ಟು ಕೆಟ್ಟಿದೆ. ಆದ್ದರಿಂದ ಯಾರಾದರೂ ಅದನ್ನು ಬರೆದುಕೊಟ್ಟರೆ, ಯಾವ ಕಾಯಿಲೆಗೆಂದು ಕೊಡುತ್ತಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ.