ನಕ್ಷೆಯಲ್ಲಿ ಬಾಗಿಲು ಎತ್ತ ತೆರೆಯುತ್ತದೆ?

ಬೆಳಗಾವಿಯ ಟಿಳಕವಾಡಿಯಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಿದ್ದ ದಂಪತಿ ಬಿಲ್ಡರ್ ಕೊಟ್ಟ ಬಣ್ಣದ ನಕ್ಷೆ ತಂದಿದ್ದರು. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ. ಕಟ್ಟಡ ಇನ್ನೂ ಮುಗಿದಿರಲಿಲ್ಲ. ಕೋಣೆಗಳ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ನಾನು ಮೊದಲು ನೋಡಿದ್ದು ಬಾತ್‌ರೂಮ್ ಬಾಗಿಲು.

ನಕ್ಷೆಯಲ್ಲಿ ಬಾಗಿಲನ್ನು ಒಂದು ನೇರ ಗೆರೆ, ಒಂದು ಕಾಲು ವೃತ್ತದ ಗೆರೆಯಿಂದ ತೋರಿಸುತ್ತಾರೆ. ನೇರ ಗೆರೆ ಅಂದರೆ ತೆರೆದ ಬಾಗಿಲು. ಕಾಲು ವೃತ್ತ ಅದು ತಿರುಗುವ ಜಾಗ. ಆ ಜಾಗದಲ್ಲಿ ಏನನ್ನೂ ಇಡಲು ಬರುವುದಿಲ್ಲ. ಎರಡು ಗೆರೆ ಸೇರುವ ಕಡೆ ನೋಡಬೇಡಿ, ನೇರ ಗೆರೆ ಗೋಡೆಯನ್ನು ಮುಟ್ಟುವ ತುದಿ ನೋಡಿ. ಬಿಜಾಗರಿ ಅಲ್ಲಿರುತ್ತದೆ.

ಇವರ ಬಾತ್‌ರೂಮ್ 4 ಅಡಿ ಅಗಲ, 7 ಅಡಿ ಉದ್ದ. 4 ಅಡಿಯ ಕಡೆ ಎರಡೂವರೆ ಅಡಿಯ ಬಾಗಿಲು, ಒಳಗೆ ತೆರೆಯುವಂಥದ್ದು. ಬಾಗಿಲಿನ ಹತ್ತಿರವೇ ಪಕ್ಕದ ಗೋಡೆಗೆ ಕಮೋಡ್. ನಕ್ಷೆಯಲ್ಲಿ ಬಾಗಿಲು ಕಮೋಡಿಗೆ ತಾಗದೆ ಸಲೀಸಾಗಿ ತಿರುಗುತ್ತಿತ್ತು. ಆದರೆ ಕಮೋಡಿನ ಚಿತ್ರ ಕೋಣೆಯ ಅಗಲದ ಅರ್ಧಕ್ಕಿಂತ ಕಡಿಮೆ ಇತ್ತು. ನಿಜವಾದ ಕಮೋಡ್ ಗೋಡೆಯಿಂದ ಸುಮಾರು 2 ಅಡಿ 3 ಇಂಚು ಮುಂದೆ ಬರುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ. ಉಳಿಯುವುದು 1 ಅಡಿ 9 ಇಂಚು. ಆ ಬಾಗಿಲು ಪೂರ್ತಿ ತೆರೆಯುವ ಮೊದಲೇ ಕಮೋಡಿಗೆ ಬಡಿಯುತ್ತದೆ. ಜಾಹೀರಾತಿನ ನಕ್ಷೆಯಲ್ಲಿ ಮಂಚ, ಸೋಫಾ, ಕಮೋಡ್ ಚಿಕ್ಕದಾಗಿ ಬರೆದು ಕೋಣೆ ದೊಡ್ಡದೆಂದು ತೋರಿಸುವುದು ಬಹಳ ಕಡೆ ಇದೆ. ಅದಕ್ಕೇ ಚಿತ್ರ ನಂಬದೆ, ಬರೆದಿರುವ ಅಳತೆಯಲ್ಲಿ ನಿಮ್ಮ ಮನೆಯ ಸಾಮಾನಿನ ಅಳತೆ ಕಳೆದು ನೋಡಿ.

ಇನ್ನೊಂದು ಮಾತು. ಅವರ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಒಳಗೆ ತೆರೆಯುವ ಇಕ್ಕಟ್ಟು ಬಾತ್‌ರೂಮಿನಲ್ಲಿ ಯಾರಾದರೂ ಬಿದ್ದರೆ, ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಬರುತ್ತದೆ. ಹೊರಗಿನವರು ತೆರೆಯಲು ಆಗುವುದಿಲ್ಲ. ಚೌಕಟ್ಟು ಇನ್ನೂ ಕೂರಿಸಿರಲಿಲ್ಲ, ಹಾಗಾಗಿ ಬಾಗಿಲನ್ನು ಹೊರಗೆ ತೆರೆಯುವಂತೆ ಮಾಡಿಸಿ ಎಂದೆ. ಆಗ ಬೆಡ್‌ರೂಮಿನಲ್ಲಿ ಎರಡೂವರೆ ಅಡಿ ಜಾಗ ಖಾಲಿ ಬಿಡಬೇಕು. ಮಂಚ ಆ ಕಡೆ ಬರಬಾರದು.

ಆಮೇಲೆ ಅಡುಗೆಮನೆ ಮತ್ತು ಹಾಲ್ ನಡುವಿನ ಗೋಡೆ ತೋರಿಸಿ ಆ ತಾಯಿ ಕೇಳಿದರು: "ಈ ಗ್ವಾಡಿ ತಗದ್ರ ನಡೀತದೇನ್ರಿ ಸರ್?"

ಒಂಬತ್ತು ಇಂಚಿನ ಗೋಡೆ ಭಾರ ಹೊರುತ್ತದೆ, ನಾಲ್ಕೂವರೆ ಇಂಚಿನದು ಹೊರುವುದಿಲ್ಲ ಎಂದು ಹಲವರು ಸುಮ್ನೆ ತೀರ್ಮಾನ ಮಾಡುತ್ತಾರೆ. ಅದು ಸರಿಯಲ್ಲ. ಕಂಬ ಮತ್ತು ಬೀಮಿನ ಕಟ್ಟಡದಲ್ಲಿ ಹೊರಗಿನ ಗೋಡೆ ಒಂಬತ್ತು ಇಂಚು ಇದ್ದರೂ ಸಾಮಾನ್ಯವಾಗಿ ಮಹಡಿಯ ಭಾರ ಅದರ ಮೇಲಿರುವುದಿಲ್ಲ. ನಕ್ಷೆಯಲ್ಲಿ ಕಪ್ಪು ತುಂಬಿದ ಚೌಕಗಳು ಕಂಬಗಳು. ಇವರ ಗೋಡೆ ಎರಡು ಕಂಬಗಳ ನಡುವೆ ಇತ್ತು. ಪಾರ್ಕಿಂಗಿಗೆ ಇಳಿದು ನೋಡಿದೆವು. ಆ ಗೋಡೆಯ ನೇರಕ್ಕೆ ಕೆಳಗೆ ಗೋಡೆ ಇಲ್ಲ, ಬೀಮ್ ಮಾತ್ರ. ಅಂದರೆ ಅದು ತುಂಬು ಗೋಡೆ, ಕಂಬಗಳ ನಡುವಿನ ಜಾಗ ಮುಚ್ಚಲು ಕಟ್ಟಿದ, ಭಾರ ಹೊರದ ಗೋಡೆ ಅನ್ನುವುದಕ್ಕೆ ಒಳ್ಳೆಯ ಸುಳಿವು. ಆದರೂ ಯಾವುದು ಭಾರ ಹೊರುತ್ತದೆ ಎಂದು ತೋರಿಸುವ ಸ್ಟ್ರಕ್ಚರಲ್ ನಕ್ಷೆ ನೋಡದೆ ಒಡೆಯಬಾರದು. ಗೋಡೆ ತೆಗೆದರೂ ಮೇಲಿನ ಬೀಮ್ ಹಾಗೇ ಉಳಿಯುತ್ತದೆ, ಅದನ್ನು ಗೌಂಡಿ ಮುಟ್ಟಬಾರದು.

ಎಲ್ಲ ಕಟ್ಟಡಕ್ಕೂ ಈ ಲೆಕ್ಕ ನಡೆಯುವುದಿಲ್ಲ. ನಕ್ಷೆಯಲ್ಲಿ ಕಂಬದ ಚೌಕಗಳೇ ಕಾಣದಿದ್ದರೆ ಎಚ್ಚರ. ಹಳೆಯದಾದರೆ ಗೋಡೆಗಳೇ ಭಾರ ಹೊತ್ತಿರಬಹುದು. ಹೊಸದಾದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆ ಇರಬಹುದು. ಅದರಲ್ಲಿ ಹೊಸ ಕಿಟಕಿ ಕೊರೆಯುವುದೂ ಅಪಾಯ.

ಕೊನೆಗೆ ಬಾತ್‌ರೂಮಿನ ಗಾಳಿ. ಬೆಳಗಾವಿಯ ಮಳೆಗಾಲದಲ್ಲಿ ಒದ್ದೆ ಗೋಡೆ ಬೇಗ ಆರುವುದಿಲ್ಲ, ಅದಕ್ಕೆ ಇದು ಇಲ್ಲಿ ದೊಡ್ಡ ವಿಷಯ. ಗೋಡೆಯಲ್ಲಿ ಸಣ್ಣ ಗೆರೆಗಳ ಪಕ್ಕ ಇಂಗ್ಲಿಷಿನ ವಿ ಅಕ್ಷರ ಇದ್ದರೆ ವೆಂಟಿಲೇಟರ್. ಅದು ಇದೆಯೋ ಇಲ್ಲವೋ ಅಷ್ಟೇ ನೋಡಿದರೆ ಸಾಲದು. ಎಲ್ಲಿಗೆ ತೆರೆಯುತ್ತದೆ ನೋಡಬೇಕು. ಇವರದು ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದ ಒಂದು ಚೌಕಕ್ಕೆ ತೆರೆಯುತ್ತಿತ್ತು. ಅದು ಡಕ್ಟ್, ಗಾಳಿಗಾಗಿ ಕೆಳಗಿನಿಂದ ಟೆರೇಸಿನ ತನಕ ಬಿಟ್ಟ ಖಾಲಿ ಜಾಗ. ಅಳತೆ 3 ಅಡಿಗೆ 3 ಅಡಿ. ಅಂದರೆ ಸುಮಾರು 0.84 ಚದರ ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ 10 ಮೀಟರ್ ಎತ್ತರದ ಕಟ್ಟಡಕ್ಕೇ 1.2 ಚದರ ಮೀಟರ್ ಕೇಳುತ್ತದೆ. ಎತ್ತರ ಹೆಚ್ಚಿದಂತೆ ಡಕ್ಟ್ ಇನ್ನೂ ಅಗಲ ಬೇಕು. ಇವರ ಕಟ್ಟಡ ಅದಕ್ಕಿಂತ ಎತ್ತರ. ಸಾಲದ್ದಕ್ಕೆ ಪಕ್ಕದ ಫ್ಲ್ಯಾಟಿನ ಅಡುಗೆಮನೆಯ ಕಿಟಕಿಯೂ ಅದೇ ಡಕ್ಟಿಗೆ. ನಮ್ಮ ಬಾತ್‌ರೂಮಿನ ವಾಸನೆ ಅವರಿಗೆ, ಅವರ ಒಗ್ಗರಣೆ ನಮಗೆ.

ಟೆರೇಸಿಗೆ ಹೋಗಿ ಡಕ್ಟಿನ ಬಾಯಿ ನೋಡಿದೆವು. ಮಳೆ ಬೀಳದಿರಲಿ ಎಂದು ಶೀಟ್ ಹಾಕುವ ತಯಾರಿ ನಡೆದಿತ್ತು. ಶೀಟಿನ ಕೆಳಗೆ ನಾಲ್ಕೂ ಕಡೆ ಸಂದು ಬಿಡದಿದ್ದರೆ ಬಿಸಿ ಗಾಳಿ ಮೇಲೆ ಹೋಗಲು ದಾರಿಯೇ ಇರುವುದಿಲ್ಲ.

ಬಾಗಿಲನ್ನು ತಿರುಗಿಸಬಹುದು, ಡಕ್ಟ್ ಅಗಲ ಮಾಡಲು ಬರುವುದಿಲ್ಲ. ಹಾಗಾಗಿ ಅದೇ ಮಹಡಿಯ ಹಿಂದಿನ ಫ್ಲ್ಯಾಟ್ ನೋಡಲು ಹೇಳಿದೆ. ಅದರ ಎರಡೂ ವೆಂಟಿಲೇಟರ್ ಹೊರಗೋಡೆಯಲ್ಲಿವೆ. ಜೊತೆಗೆ, ಮಹಾನಗರ ಪಾಲಿಕೆ ಮಂಜೂರು ಮಾಡಿದ ಮುದ್ರೆಯಿರುವ ನಕ್ಷೆಯ ಪ್ರತಿ ಕೇಳಿ, ಅದರಲ್ಲೂ ಆ ವೆಂಟಿಲೇಟರ್‌ಗಳು ಅದೇ ಗೋಡೆಯಲ್ಲಿವೆಯೇ ಎಂದು ನೋಡಿಕೊಂಡ ಮೇಲೆ ಮುಂಗಡ ಕೊಡಿ ಎಂದೆ.