ಮಠಕ್ಕೆ ಕೊಟ್ಟ ದುಡ್ಡಿಗೆ ರಸೀದಿ ಇದೆ, 80ಜಿ ಸಿಗುತ್ತಾ?

ಪ್ರಶ್ನೆ: ಕಳೆದ ವರ್ಷ ನಮ್ಮ ಮಠದ ಅನ್ನದಾಸೋಹಕ್ಕೆ 21,000 ರೂಪಾಯಿ ಕೊಟ್ಟಿದ್ದೆ. ಒಂದು ವೃದ್ಧಾಶ್ರಮಕ್ಕೂ ಕೊಟ್ಟಿದ್ದೇನೆ. ಎರಡಕ್ಕೂ ರಸೀದಿ ಇದೆ. ರಿಟರ್ನ್‌ನಲ್ಲಿ 80ಜಿ ಹಾಕಬಹುದಾ?

ಜೂನ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ, ಜುಲೈ ಮುಗಿಯುವವರೆಗೂ ನಿಲ್ಲುವುದಿಲ್ಲ. ವರ್ಷ ವರ್ಷ ಬರೆದರೂ ಅದೇ ಪ್ರಶ್ನೆ, ಅದೇ ಕೊನೆಯ ಮಾತು: "ರಸೀದಿ ಇದೆಯಲ್ಲ ಸಾರ್." ಹಾಗಾಗಿ ಈ ಸಲ ಆ ರಸೀದಿಯನ್ನೇ ಕೈಗೆತ್ತಿಕೊಳ್ಳೋಣ.

ಅದಕ್ಕೂ ಮೊದಲು ಒಂದು ಮಾತು. 80ಜಿ ಅಂದರೆ ಕೊಟ್ಟ ದಾನಕ್ಕೆ ಆದಾಯದಲ್ಲಿ ಸಿಗುವ ಕಡಿತ. ನೀವು ಹೊಸ ತೆರಿಗೆ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತಿದ್ದರೆ ಅದು ಇಲ್ಲವೇ ಇಲ್ಲ. ಯಾರಿಗೆ ಎಷ್ಟೇ ಕೊಟ್ಟಿರಿ, ಒಂದು ರೂಪಾಯಿಯೂ ಕಳೆಯುವಂತಿಲ್ಲ. ಹಳೆ ಪದ್ಧತಿ ಆರಿಸಿಕೊಂಡವರು ಮಾತ್ರ ಮುಂದೆ ಓದಿ. ಇನ್ನೊಂದು ವಿಷಯ: 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಮುಂದಿನ ವರ್ಷ ಕಲಂ ನಂಬರುಗಳು ಬದಲಾಗುತ್ತವೆ. ಇಲ್ಲಿ ಹೇಳುತ್ತಿರುವುದೆಲ್ಲ 2025-26ರ ಲೆಕ್ಕ.

ನನ್ನ ಹತ್ತಿರ ರಿಟರ್ನ್ ಹಾಕಿಸುವ ಒಬ್ಬರಿದ್ದಾರೆ. ಬೆಂಗಳೂರಿನಲ್ಲಿ ಕೆಲಸ. ಮನೆಬಾಡಿಗೆ ವಿನಾಯಿತಿಯೂ ಇದೆ, ಊರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯೂ ಇದೆ. ಆದ್ದರಿಂದ ಅವರಿಗೆ ಹಳೆ ಪದ್ಧತಿಯೇ ಲಾಭ. ಅವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ರಸೀದಿಗಳನ್ನು ತಂದು ಮೇಜಿನ ಮೇಲೆ ಇಟ್ಟರು. ಒಟ್ಟು 94,000 ರೂಪಾಯಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ 10,000. ಒಂದು ವೃದ್ಧಾಶ್ರಮದ ಟ್ರಸ್ಟಿಗೆ ಬ್ಯಾಂಕಿನಿಂದ 50,000. ಅದೇ ಆಶ್ರಮಕ್ಕೆ ತಾಯಿಯ ತಿಥಿಯ ದಿನ ನಗದು 5,000, ಜೊತೆಗೆ 8,000 ರೂಪಾಯಿಯ ಅಕ್ಕಿ. ಮಠದ ದಾಸೋಹಕ್ಕೆ 21,000.

ವೃದ್ಧಾಶ್ರಮದ ರಸೀದಿ ನೋಡಿದೆ. ಹಸಿರು ಬಣ್ಣದ ಹಾಳೆ. ಕೆಳಗೆ ನೇರಳೆ ಶಾಯಿಯ ರಬ್ಬರ್ ಸ್ಟಾಂಪು: "80ಜಿ ವಿನಾಯಿತಿ ಇದೆ." ಪಕ್ಕದಲ್ಲಿ ಒಂದು ಆದೇಶದ ನಂಬರು, ಡಿಐಟಿ(ಇ) ಅಂತ ಶುರುವಾಗುವಂಥದ್ದು. ಇದನ್ನು ನೋಡಿದ ಕೂಡಲೇ ಪುಸ್ತಕ ಹಳೆಯದು ಅಂತ ಗೊತ್ತಾಗುತ್ತದೆ. ಒಂದು ಕಾಲದಲ್ಲಿ ಒಮ್ಮೆ 80ಜಿ ಸಿಕ್ಕರೆ ಅದು ಕಾಯಂ ಅನ್ನುವಂತಿತ್ತು. 2021ರ ಏಪ್ರಿಲ್‌ನಿಂದ ಆ ಕಾಲ ಮುಗಿಯಿತು. ಹಳೆ ಟ್ರಸ್ಟುಗಳೂ ಹೊಸದಾಗಿ ಅರ್ಜಿ ಹಾಕಿ, ಐದು ವರ್ಷದ ಅನುಮೋದನೆಯನ್ನು ಹೊಸ ನಂಬರಿನೊಂದಿಗೆ ಪಡೆಯಬೇಕಾಯಿತು. ಹೊಸ ಟ್ರಸ್ಟುಗಳಿಗೆ ಮೊದಲು ತಾತ್ಕಾಲಿಕ ಅನುಮೋದನೆ, ಅದೂ ಹೆಚ್ಚೆಂದರೆ ಮೂರು ವರ್ಷಕ್ಕೆ. ಹೊಸ ನಂಬರು ಸಾಮಾನ್ಯವಾಗಿ ಆ ಟ್ರಸ್ಟಿನ ಪ್ಯಾನ್‌ನಿಂದಲೇ ಶುರುವಾಗುತ್ತದೆ. ಅದನ್ನು ಯುಆರ್‌ಎನ್ ಅನ್ನುತ್ತಾರೆ. ರಸೀದಿಯಲ್ಲಿ ಹಳೆ ನಂಬರು ಮಾತ್ರ ಇದ್ದರೆ ಟ್ರಸ್ಟಿನವರಿಗೆ ಒಂದು ಫೋನ್ ಮಾಡಿ, ಹೊಸ ಅನುಮೋದನೆಯ ಆದೇಶದ ಪ್ರತಿ ಕೇಳಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಅನ್ನುವುದು ಅದರಲ್ಲೇ ಇರುತ್ತದೆ. ಅಲ್ಲಿ ಬರೆದಿರುವುದು ಅಸೆಸ್‌ಮೆಂಟ್ ವರ್ಷ, ಅದನ್ನು ಮರೆಯಬೇಡಿ. 2026-27 ಅಂತ ಇದ್ದರೆ ಅದು 2026ರ ಮಾರ್ಚ್ 31ರವರೆಗೆ ಕೊಟ್ಟ ದುಡ್ಡಿಗೆ ಅಂತ ಅರ್ಥ. 2021ರಲ್ಲಿ ಸಿಕ್ಕ ಎಷ್ಟೋ ಅನುಮೋದನೆಗಳು ಸರಿಯಾಗಿ ಅಲ್ಲಿಗೇ ಮುಗಿಯುತ್ತವೆ.

ಸರಿ, ನಂಬರು ಹೊಸದೇ ಇದೆ ಅಂದುಕೊಳ್ಳಿ. ಆಗಲಾದರೂ ರಸೀದಿ ಸಾಕಾ? ಸಾಲದು. ನಾನು ಪ್ರತಿ ವರ್ಷ ಗಂಟಲು ಹರಿದುಕೊಳ್ಳುವುದು ಇಲ್ಲೇ.

2021-22ರಿಂದ ನಿಯಮ ಹೀಗಿದೆ. ಟ್ರಸ್ಟಿನವರು ಆ ವರ್ಷ ಯಾರು ಯಾರು ಎಷ್ಟೆಷ್ಟು ಕೊಟ್ಟರು ಅನ್ನುವ ಪಟ್ಟಿಯನ್ನು ಇಲಾಖೆಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದು ಫಾರಂ 10ಬಿಡಿ. ಮಾರ್ಚ್‌ಗೆ ಮುಗಿದ ವರ್ಷದ ಪಟ್ಟಿಗೆ ಮೇ 31 ಕಡೆಯ ದಿನ. ಆ ಪಟ್ಟಿ ಸಲ್ಲಿಕೆಯಾದ ಮೇಲೆ ಪೋರ್ಟಲ್‌ನಿಂದ ದಾನಿಗಳ ಹೆಸರಿನಲ್ಲಿ ಒಂದೊಂದು ಪ್ರಮಾಣಪತ್ರ ಬರುತ್ತದೆ. ಅದೇ ಫಾರಂ 10ಬಿಇ. ಟ್ರಸ್ಟಿನವರು ಅದನ್ನು ಇಳಿಸಿಕೊಂಡು ನಿಮಗೆ ಕೊಡಬೇಕು. ಅದರ ಮೇಲ್ಭಾಗದಲ್ಲಿ ಎಆರ್‌ಎನ್ ಅಂತ ಒಂದು ನಂಬರು ಇರುತ್ತದೆ. ರಿಟರ್ನ್‌ನ 80ಜಿ ಪಟ್ಟಿಯಲ್ಲಿ ಇಂಥ ಟ್ರಸ್ಟುಗಳ ಸಾಲು ತುಂಬುವಾಗ ಆ ನಂಬರಿಗೂ ಒಂದು ಕಾಲಂ ಇದೆ. ರಸೀದಿ ನಂಬರು ಹಾಕುವ ಜಾಗ ಅದಲ್ಲ.

ಅಂದರೆ ನಿಮ್ಮ ಕೈಯಲ್ಲಿರುವ ರಸೀದಿ ಹೇಳುವುದು ಇಷ್ಟೇ: ನೀವು ಕೊಟ್ಟಿರಿ, ಅವರು ತೆಗೆದುಕೊಂಡರು. ಇಲಾಖೆಗೆ ಈ ವಿಷಯ ಗೊತ್ತಾಗುವುದು ಟ್ರಸ್ಟ್ ಸಲ್ಲಿಸಿದ ಪಟ್ಟಿಯಿಂದ. ಪಟ್ಟಿಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ನೀವು ನಿಜವಾಗಿ ಕೊಟ್ಟಿದ್ದರೂ ಕಡಿತ ನಿಲ್ಲುವುದಿಲ್ಲ. ಕೊಟ್ಟವರ ತಪ್ಪಿಲ್ಲದೆ ಕೊಟ್ಟವರಿಗೇ ನಷ್ಟ. ಇದು ನನಗೂ ಬೇಜಾರಿನ ಸಂಗತಿಯೇ. ಪಟ್ಟಿ ತಡವಾದರೆ ಟ್ರಸ್ಟಿಗೆ ದಿನಕ್ಕೆ 200 ರೂಪಾಯಿ ಶುಲ್ಕವಿದೆ, ದಂಡವೂ ಬೀಳಬಹುದು. ಆದರೆ ಅದರಿಂದ ನಿಮ್ಮ ರಿಟರ್ನ್ ಸರಿಹೋಗುವುದಿಲ್ಲ.

ಹೆಸರು ಯಾಕೆ ತಪ್ಪಿಹೋಗುತ್ತದೆ? ನಾನು ನೋಡಿದಂತೆ ಮುಖ್ಯ ಕಾರಣ ಪ್ಯಾನ್. ಕೌಂಟರಿನಲ್ಲಿ ಹೆಸರು, ಊರು, ಗೋತ್ರ, ನಕ್ಷತ್ರ ಎಲ್ಲ ಬರೆಸುತ್ತೇವೆ. ಪ್ಯಾನ್ ಮಾತ್ರ ಬರೆಸುವುದಿಲ್ಲ. ಕೊನೆಗೆ ಮೇ ತಿಂಗಳಲ್ಲಿ ಪಟ್ಟಿ ಮಾಡಲು ಕೂತ ಖಜಾಂಚಿ ಏನು ಮಾಡಬೇಕು? ನಂಬರು ಸಿಗದ ಹೆಸರುಗಳನ್ನು ಬದಿಗಿಡುತ್ತಾರೆ. ಕೆಲವು ಸಲ ದುಡ್ಡು ಗಂಡನ ಖಾತೆಯಿಂದ ಹೋಗಿರುತ್ತದೆ, ರಸೀದಿ ಹೆಂಡತಿಯ ಹೆಸರಿನಲ್ಲಿರುತ್ತದೆ. ಆಗ ಇಬ್ಬರಿಗೂ ತೊಂದರೆ. ಯಾರ ರಿಟರ್ನ್‌ನಲ್ಲಿ ತೋರಿಸಬೇಕೋ ಅವರ ಖಾತೆಯಿಂದಲೇ ಕೊಡಿ, ಅವರ ಹೆಸರು ಮತ್ತು ಪ್ಯಾನ್‌ನಲ್ಲೇ ಬರೆಸಿ. ಈಗಾಗಲೇ ತಪ್ಪಾಗಿದ್ದರೂ ದಾರಿ ಇದೆ. ಟ್ರಸ್ಟಿನವರು ಪಟ್ಟಿಯನ್ನು ತಿದ್ದಿ ಮತ್ತೆ ಸಲ್ಲಿಸಬಹುದು, ಆಗ ಸರಿಯಾದ 10ಬಿಇ ಬರುತ್ತದೆ. ರಿಟರ್ನ್ ಹಾಕುವ ಮೊದಲೇ ಕೇಳಬೇಕು ಅಷ್ಟೇ.

ಹಾಗಂತ ರಸೀದಿ ಎಸೆಯಬೇಡಿ. ನೋಟಿಸ್ ಬಂದರೆ 10ಬಿಇ ಜೊತೆಗೆ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎರಡೂ ಬೇಕು. ರಸೀದಿಯಲ್ಲಿ ಟ್ರಸ್ಟಿನ ಪೂರ್ತಿ ಹೆಸರು, ವಿಳಾಸ, ಪ್ಯಾನ್, ಯುಆರ್‌ಎನ್ ಇರಲಿ. ನಿಮ್ಮ ಹೆಸರು ಮತ್ತು ಪ್ಯಾನ್, ಮೊತ್ತ, ತಾರೀಖು, ಯಾವ ರೀತಿ ಕೊಟ್ಟಿರಿ ಅನ್ನುವುದೂ ಇರಲಿ. ಯುಪಿಐ ಆದರೆ ಆ ವಹಿವಾಟಿನ ನಂಬರನ್ನೂ ಬರೆಸಿಕೊಳ್ಳಿ.

ಸರ್ಕಾರದ ನಿಧಿಗಳ ಕಥೆ ಬೇರೆ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಪಿಎಂ ಕೇರ್ಸ್, ಮುಖ್ಯಮಂತ್ರಿ ಪರಿಹಾರ ನಿಧಿ, ರಾಷ್ಟ್ರೀಯ ರಕ್ಷಣಾ ನಿಧಿ, ಇವುಗಳ ಹೆಸರು ಕಾಯ್ದೆಯಲ್ಲೇ ಇದೆ. ಕೊಟ್ಟಷ್ಟೂ ಕಳೆಯಬಹುದು, ರಸೀದಿಯೇ ಸಾಕು.

ಈಗ ಮಠಕ್ಕೆ ಬರೋಣ. ಇಲ್ಲಿ ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಆದರೂ ಹೇಳಲೇಬೇಕು. 80ಜಿ ಅನುಮೋದನೆ ಸಿಗಬೇಕಾದರೆ ಆ ಸಂಸ್ಥೆ ಒಂದೇ ಧರ್ಮದವರಿಗೆ ಅಥವಾ ಒಂದೇ ಜಾತಿಯವರಿಗೆ ಅಂತ ಇರಬಾರದು. ಧಾರ್ಮಿಕ ಕೆಲಸಕ್ಕೆ ಮಾಡುವ ಖರ್ಚು ಆ ವರ್ಷದ ಆದಾಯದ ಶೇ. 5ನ್ನು ದಾಟಬಾರದು. ಪೂಜೆ, ಜಾತ್ರೆ, ರಥೋತ್ಸವ ನಡೆಸುವ ಮಠಕ್ಕೆ ಇದು ಹೊಂದುವುದು ಕಷ್ಟ. ಆದರೆ ಎಷ್ಟೋ ಮಠಗಳು ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳಿಗೆ ಬೇರೆಯದೇ ಟ್ರಸ್ಟ್ ಮಾಡಿಕೊಂಡಿರುತ್ತವೆ, ಅದಕ್ಕೆ 80ಜಿ ಇರುತ್ತದೆ. ಸ್ವಾಮೀಜಿ ಅವರೇ, ಆವರಣವೂ ಅದೇ, ಆದರೆ ಪ್ಯಾನ್ ಬೇರೆ. ನಿಮ್ಮ ರಸೀದಿ ಯಾರ ಹೆಸರಿನಲ್ಲಿದೆ ಅಂತ ನೋಡಿ. ಮಠದ ಹೆಸರಿನಲ್ಲಿದ್ದು ಅದಕ್ಕೆ ಅನುಮೋದನೆ ಇಲ್ಲದಿದ್ದರೆ, ಪಕ್ಕದ ಟ್ರಸ್ಟಿನ ನಂಬರು ಹಾಕುವಂತಿಲ್ಲ.

"ಮಠಕ್ಕೆ ಟ್ಯಾಕ್ಸೇ ಇಲ್ಲ ಸಾರ್, 12ಎ ಇದೆ" ಅನ್ನುವವರೂ ಇದ್ದಾರೆ. 12ಎ ಇದ್ದರೆ ಸಂಸ್ಥೆಯ ಆದಾಯಕ್ಕೆ ವಿನಾಯಿತಿ. 80ಜಿ ಇದ್ದರೆ ಕೊಟ್ಟವರಿಗೆ ಕಡಿತ. ಒಂದಿದ್ದರೆ ಇನ್ನೊಂದೂ ಇದೆ ಅಂತಲ್ಲ. ದೇವಸ್ಥಾನಗಳ ಪೈಕಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕೆಲವಕ್ಕೆ ಮಾತ್ರ, ಅದೂ ಜೀರ್ಣೋದ್ಧಾರಕ್ಕೆ, ದುರಸ್ತಿಗೆ ಕೊಟ್ಟ ದುಡ್ಡಿಗೆ ಮಾತ್ರ ಕಡಿತ ಉಂಟು. ಅಯೋಧ್ಯೆಯ ಶ್ರೀರಾಮ ಜನ್ಮಭೂಮಿ ತೀರ್ಥ ಕ್ಷೇತ್ರ 2020ರಲ್ಲಿ ಈ ಸಾಲಿಗೆ ಸೇರಿತು. ಹುಂಡಿಗೆ ಹಾಕಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆ ಬೆಂಗಳೂರಿನವರ ಕವರಿಗೆ ವಾಪಸ್ ಬರೋಣ. ಅವರ ಮಠದ ಹೆಸರಿಗೆ ಅನುಮೋದನೆ ಇರಲಿಲ್ಲ, 21,000 ಹೋಯಿತು. ಅಕ್ಕಿಗೆ ಕಡಿತವಿಲ್ಲ, ದುಡ್ಡಿಗೆ ಮಾತ್ರ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೆ ಪೂರ್ತಿ ಮೊತ್ತವೇ ಹೋಗುತ್ತದೆ. 5,000ದಲ್ಲಿ 2,000 ಸಿಗುತ್ತದೆ, 3,000 ಹೋಗುತ್ತದೆ ಅಂತಲ್ಲ. ಐದೂ ಸಾವಿರ ಹೋಯಿತು. ಉಳಿದದ್ದು ಪರಿಹಾರ ನಿಧಿಯ 10,000 ಮತ್ತು ಬ್ಯಾಂಕಿನಿಂದ ಹೋದ 50,000. ವೃದ್ಧಾಶ್ರಮದವರಿಗೆ ಹೊಸ ಅನುಮೋದನೆ ಇತ್ತು, ರಸೀದಿ ಪುಸ್ತಕ ಮಾತ್ರ ಹಳೆಯದು. ಕೇಳಿದ ಎರಡೇ ದಿನಕ್ಕೆ 10ಬಿಇ ಕಳಿಸಿದರು.

ಇಂಥ ಟ್ರಸ್ಟಿಗೆ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಕಡಿತ. ಅದಕ್ಕೂ ಒಂದು ಮಿತಿ ಇದೆ. ಅವರ ಒಟ್ಟು ಆದಾಯ 14 ಲಕ್ಷ. ಅದರಲ್ಲಿ 80ಸಿ, 80ಡಿ ಸೇರಿ 2 ಲಕ್ಷ ಕಳೆದರೆ 12 ಲಕ್ಷ. ಅದರ ಶೇ. 10, ಅಂದರೆ 1,20,000ದವರೆಗಿನ ದಾನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 50,000 ಅದರೊಳಗೇ ಇದೆ, ಆದ್ದರಿಂದ ಕಡಿತ 25,000. ಮಿತಿ ದಾಟಿದ್ದರೆ ಹೆಚ್ಚಿನದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಪರಿಹಾರ ನಿಧಿಯ 10,000 ಸೇರಿಸಿ ಒಟ್ಟು ಕಡಿತ 35,000. ಇದು ಕಳೆಯುವುದು ಆದಾಯದಿಂದ, ತೆರಿಗೆಯಿಂದಲ್ಲ. ಅವರದು ಶೇ. 30ರ ಮಟ್ಟ, ಸೆಸ್ ಸೇರಿ 31.2. ಇದರಿಂದ ಉಳಿತಾಯವಾದ ತೆರಿಗೆ 10,920 ರೂಪಾಯಿ.

ಅವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ರಸೀದಿ ತೆಗೆದರು. ಮಗಳ ಸ್ಕೂಲಿನದು, ಸೇರಿಸುವಾಗ ಕೊಟ್ಟ "ಡೊನೇಷನ್". ನಮ್ಮ ಕಡೆ ಡೊನೇಷನ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಇದೇ, ಅಲ್ವಾ? ಆ ಸ್ಕೂಲು ನಡೆಸುವ ಟ್ರಸ್ಟಿಗೆ 80ಜಿ ಇರಬಹುದು. ಆದರೆ ಸೀಟಿಗಾಗಿ ಕೊಟ್ಟದ್ದು ದಾನವಲ್ಲ. ದಾನ ಅಂದರೆ ಮನಸ್ಸಿನಿಂದ ಕೊಡುವುದು, ಬದಲಿಗೆ ಏನನ್ನೂ ಪಡೆಯದೆ ಕೊಡುವುದು. ಕಟ್ಟಡ ನಿಧಿ ಅಂತ ರಸೀದಿಯಲ್ಲಿ ಬರೆದರೂ ಅದು ಬದಲಾಗುವುದಿಲ್ಲ. ಹಾಗಾದರೆ 80ಸಿಯಲ್ಲಿ ಸ್ಕೂಲ್ ಫೀಸು ಅಂತ ತೋರಿಸಬಹುದಾ ಅಂದರು. ಅದೂ ಆಗುವುದಿಲ್ಲ. 80ಸಿಯಲ್ಲಿ ಬರುವುದು ಬೋಧನಾ ಶುಲ್ಕ ಮಾತ್ರ. ಡೊನೇಷನ್, ಅಭಿವೃದ್ಧಿ ಶುಲ್ಕ ಎರಡನ್ನೂ ಕಾಯ್ದೆಯೇ ಹೆಸರು ಹೇಳಿ ಹೊರಗಿಟ್ಟಿದೆ. ಅದೇ ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆ ಸಾಲಿನಲ್ಲಿದ್ದರೆ ಆ ಸಾಲಿನ ಮೊತ್ತವನ್ನಷ್ಟೇ ತೆಗೆದುಕೊಳ್ಳಿ.