ವಾಟ್ಸಾಪ್‌ನಲ್ಲಿ ಬಂದ ಬಸ್ ಟೈಮಿಂಗ್ಸ್ ಅನ್ನು ಟೇಬಲ್ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ಕೊಪ್ಪಳ-ಗಂಗಾವತಿ ಬಸ್ ಸಮಯಗಳು ಒಂದೇ ಉದ್ದ ಮೆಸೇಜ್‌ನಲ್ಲಿ ಬಂದಿವೆ. ಯಾವ ಬಸ್ ಎಷ್ಟಕ್ಕೆ ಬಿಡುತ್ತೆ, ಎಷ್ಟಕ್ಕೆ ಮುಟ್ಟುತ್ತೆ ಅಂತ ಶೀಟ್‌ನಲ್ಲಿ ಬೇರೆ ಬೇರೆ ಸಾಲು ಮಾಡುವುದು ಹೇಗೆ?

ಉತ್ತರ: ಒಂದು ಮಾದರಿ ಮೆಸೇಜ್ ಇಟ್ಟುಕೊಂಡು ನೋಡೋಣ. ಇದರಲ್ಲಿನ ಸಮಯಗಳು ಉದಾಹರಣೆಗೆ ಮಾತ್ರ, ಇವನ್ನು ನಂಬಿ ಬಸ್‌ಸ್ಟ್ಯಾಂಡಿಗೆ ಹೋಗಬೇಡಿ.

```
ಕೊಪ್ಪಳ-ಗಂಗಾವತಿ 6.15 ಬಿಟ್ಟು 7.30, 8.00 ಬಿಟ್ಟು 9.15 (ಸಿಂಧನೂರು ಗಾಡಿ, ಸಿಂಧನೂರು 10.50), 11.30 ಬಿಟ್ಟು 12.45, 1.10 ಬಿಟ್ಟು 2.25, ವಾಪಸ್ 7.00 ಬಿಟ್ಟು 8.15, 9.45 ಬಿಟ್ಟು 11.00
```

ಫಾರ್ಮುಲಾ ಹಾಕುವ ಮುಂಚೆ ಮೆಸೇಜನ್ನು ಒಮ್ಮೆ ನಿಧಾನವಾಗಿ ಓದಿ. ಇಲ್ಲಿ ಬೆಳಗ್ಗೆ, ಮಧ್ಯಾಹ್ನ ಅಂತ ಎಲ್ಲೂ ಬರೆದಿಲ್ಲ. ಆದರೆ ಬರೆಯುವವರು ಸಾಮಾನ್ಯವಾಗಿ ಮೊದಲ ಬಸ್ಸಿನಿಂದ ಶುರುಮಾಡಿ ಕ್ರಮವಾಗಿ ಹೇಳುತ್ತಾರೆ. ಬಿಡುವ ಸಮಯ 6.15, 8.00, 11.30 ಅಂತ ಏರುತ್ತಾ ಹೋಗಿ, ಥಟ್ಟನೆ 1.10ಕ್ಕೆ ಇಳಿಯಿತು. ಅಂದರೆ ಅಲ್ಲಿ ಮಧ್ಯಾಹ್ನ ದಾಟಿದೆ. ಅದನ್ನು ಮೆಸೇಜ್‌ನಲ್ಲೇ 13.10 ಎಂದು, 2.25 ಅನ್ನು 14.25 ಎಂದು ತಿದ್ದಿ. ರೈಲ್ವೆಯವರು ಬಳಸುವ 24 ಗಂಟೆಯ ಲೆಕ್ಕ ಇದು.

ಈ ಏರಿಕೆಯ ಲೆಕ್ಕ "ವಾಪಸ್" ಎಂಬ ಪದದ ಹತ್ತಿರ ನಿಂತುಹೋಗುತ್ತೆ. 13.10 ಆದಮೇಲೆ 7.00 ಬಂದಿದೆ ಅಂತ ಅದನ್ನು ಸಂಜೆ ಏಳು ಮಾಡಿಬಿಡಬೇಡಿ. ದಿಕ್ಕು ಬದಲಾದಾಗ ಲೆಕ್ಕವೂ ಮತ್ತೆ ಬೆಳಗ್ಗೆಯಿಂದ ಶುರುವಾಗಿರಬಹುದು. ಬೆಳಗ್ಗೆಯೋ ಸಂಜೆಯೋ ಮೆಸೇಜ್ ಹೇಳದಿದ್ದರೆ ಆ ಸಾಲಿಗೆ ಪ್ರಶ್ನೆ ಚಿಹ್ನೆ ಹಾಕಿ, ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರ್‌ನಲ್ಲಿ ಕೇಳಿ ತುಂಬಿ.

ಈಗ ತಿದ್ದಿದ ಮೆಸೇಜನ್ನು ಗೂಗಲ್ ಶೀಟ್ಸ್‌ನ A1ರಲ್ಲಿ ಅಂಟಿಸಿ, A2ರಲ್ಲಿ ಇದನ್ನು ಹಾಕಿ:

```
=TRANSPOSE(SPLIT(A1,","))
```

ಅಲ್ಪವಿರಾಮ ಇರುವ ಕಡೆಯೆಲ್ಲ ಕತ್ತರಿಸಿ ಒಂದರ ಕೆಳಗೆ ಒಂದು ಸಾಲು ಬರುತ್ತೆ. ಆ ಸಾಲುಗಳನ್ನು ಕಾಪಿ ಮಾಡಿ, ಅದೇ ಜಾಗದಲ್ಲಿ Ctrl+Shift+V ಒತ್ತಿ. ಆಗ ಫಾರ್ಮುಲಾ ಹೋಗಿ ಬರೀ ಪಠ್ಯ ಉಳಿಯುತ್ತೆ. ನಂತರ B2ರಲ್ಲಿ ಬಿಡುವ ಸಮಯ, C2ರಲ್ಲಿ ಮುಟ್ಟುವ ಸಮಯ:

```
=TIMEVALUE(SUBSTITUTE(REGEXEXTRACT(A2,"\d+\.\d+"),".",":"))
=TIMEVALUE(SUBSTITUTE(REGEXEXTRACT(A2,"\d+\.\d+\D+(\d+\.\d+)"),".",":"))
```

ಎರಡನ್ನೂ ಕೆಳಗೆ ಎಳೆಯಿರಿ. ಉತ್ತರ 0.26 ಥರ ಕಾಣಿಸಿದರೆ ತಪ್ಪೇನಿಲ್ಲ, ಶೀಟ್ ದಿನದ ಭಾಗವಾಗಿ ಲೆಕ್ಕ ಇಡುತ್ತೆ. Format ಮೆನುವಿನ Number ಒಳಗೆ Time ಆರಿಸಿದರೆ ಗಂಟೆ-ನಿಮಿಷ ಕಾಣುತ್ತೆ. ಚುಕ್ಕೆಯನ್ನು ಎರಡು ಚುಕ್ಕೆ ಮಾಡುವುದು ಬಹಳ ಮುಖ್ಯ. ಇಲ್ಲದಿದ್ದರೆ ಶೀಟ್‌ಗೆ 11.30 ಅನ್ನುವುದು ಸುಮ್ನೆ ಒಂದು ದಶಮಾಂಶ ಸಂಖ್ಯೆ. ಕಳೆಯುವ ಲೆಕ್ಕವೆಲ್ಲ ಕೆಡುತ್ತೆ.

ನಮ್ಮ ಮೆಸೇಜ್‌ನಲ್ಲಿ ಒಂದು ಸಾಲು ಎಡವುತ್ತೆ. ಆವರಣದ ಒಳಗಿನ ಅಲ್ಪವಿರಾಮವೂ ಕತ್ತರಿಸಿದ್ದರಿಂದ "ಸಿಂಧನೂರು 10.50)" ಒಂಟಿಯಾಗಿ ನಿಂತಿದೆ. ಅದರ B ಕಾಲಂನಲ್ಲಿ 10:50 ಅಂತ ಬಂದುಬಿಟ್ಟಿದೆ, ಆದರೆ ಅದು ಬಿಡುವ ಸಮಯವೇ ಅಲ್ಲ. C ಕಾಲಂನಲ್ಲಿ #N/A ಕಂಡಾಗ ಹುಷಾರಾಗಿ. ಆ 10.50 ಅನ್ನುವುದು 8.00ರ ಬಸ್ ಗಂಗಾವತಿ ದಾಟಿ ಸಿಂಧನೂರು ಮುಟ್ಟುವ ಸಮಯ. ನಾನಾದರೆ ಅದಕ್ಕೆ ಬೇರೆ ಸಾಲನ್ನೇ ಕೊಡುತ್ತೇನೆ. ಸಿಂಧನೂರಿಗೆ ಹೋಗುವವರು "ಎಲ್ಲಿಗೆ" ಕಾಲಂನಲ್ಲೇ ತಾನೇ ಹುಡುಕುವುದು?

| ಎಲ್ಲಿಂದ | ಎಲ್ಲಿಗೆ | ಬಿಡುವುದು | ಮುಟ್ಟುವುದು |
|---|---|---|---|
| ಕೊಪ್ಪಳ | ಗಂಗಾವತಿ | 6:15 | 7:30 |
| ಕೊಪ್ಪಳ | ಗಂಗಾವತಿ | 8:00 | 9:15 |
| ಕೊಪ್ಪಳ | ಸಿಂಧನೂರು | 8:00 | 10:50 |
| ಕೊಪ್ಪಳ | ಗಂಗಾವತಿ | 11:30 | 12:45 |
| ಕೊಪ್ಪಳ | ಗಂಗಾವತಿ | 13:10 | 14:25 |
| ಗಂಗಾವತಿ | ಕೊಪ್ಪಳ | 7:00 ? | 8:15 ? |
| ಗಂಗಾವತಿ | ಕೊಪ್ಪಳ | 9:45 ? | 11:00 ? |

ಊರಿನ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯಿರಿ. ಮೇಲೆ ಒಮ್ಮೆ ಬರೆದು ಕೆಳಗೆ ಖಾಲಿ ಬಿಟ್ಟರೆ, ಸಮಯದ ಪ್ರಕಾರ ಸಾರ್ಟ್ ಮಾಡಿದ ತಕ್ಷಣ ಯಾವ ಬಸ್ ಯಾವ ಊರಿನದು ಅಂತ ಗೊತ್ತಾಗುವುದಿಲ್ಲ.

ತಪ್ಪು ಹುಡುಕಲು ಇನ್ನೊಂದು ಕಾಲಂನಲ್ಲಿ ಪ್ರಯಾಣದ ಅವಧಿ ತೆಗೆಯಿರಿ. B, C ಈಗಲೂ ಸಮಯದ ಕಾಲಂಗಳಾಗಿದ್ದರೆ:

```
=MOD(C2-B2,1)
```

ಇದಕ್ಕೆ Duration ಫಾರ್ಮ್ಯಾಟ್ ಕೊಡಿ. ಗಂಗಾವತಿ ಸಾಲುಗಳೆಲ್ಲ 1:15 ತೋರಿಸಬೇಕು. 13.10 ತಿದ್ದಿ 2.25 ತಿದ್ದುವುದನ್ನು ಮರೆತಿದ್ದರೆ 13:15 ಅಂತ ಬರುತ್ತೆ, ಕಣ್ಣಿಗೆ ಹೊಡೆಯುತ್ತೆ. ಎರಡನ್ನೂ ಮರೆತಿದ್ದರೆ ಮಾತ್ರ ಅವಧಿ ಸರಿಯಾಗೇ ಕಾಣುತ್ತೆ. ಆಗ ಬಿಡುವ ಸಮಯದ ಮೇಲೆ ಸಾರ್ಟ್ ಮಾಡಿ. ಮಧ್ಯಾಹ್ನದ ಬಸ್ 1:10 ಆಗಿ ಎಲ್ಲಕ್ಕಿಂತ ಮೇಲೆ ಬಂದು ಕೂತಿರುತ್ತೆ.

MOD ಯಾಕೆ ಅಂದರೆ ರಾತ್ರಿ ಗಾಡಿಗಳಿಗಾಗಿ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಕೊಪ್ಪಳದಿಂದ ರಾತ್ರಿ ಹೊರಟರೆ ಬೆಂಗಳೂರು ಮುಟ್ಟುವುದು ಮರುದಿನ. ಮುಟ್ಟುವ ಸಮಯ ಬಿಡುವ ಸಮಯಕ್ಕಿಂತ ಚಿಕ್ಕದು. ಸುಮ್ನೆ ಕಳೆದರೆ ಋಣ ಸಂಖ್ಯೆ ಬರುತ್ತೆ, MOD ಹಾಕಿದರೆ ಸರಿಯಾದ ಅವಧಿ ಸಿಗುತ್ತೆ. ಅಂಥ ಸಾಲಿಗೆ ಪಕ್ಕದಲ್ಲಿ "ಮರುದಿನ" ಅಂತ ಬರೆದಿಡಿ.